ಸಕಲೇಶಪುರಕ್ಕೆ ಹೋಗಿ ಏನು ನೋಡಿದಿರಿ ಅಂತ ಕೇಳುವವರಿಗೆ

ಮೊನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು. "ನಾಲ್ಕು ದಿನ ಸಕಲೇಶಪುರದಲ್ಲಿ ಇದ್ರಲ್ಲ, ಏನೇನು ನೋಡಿದ್ರಿ?" ಅಂದರು. ಕಾಫಿ ಕಣ ನೋಡಿದೆವು, ತೋಟದ ಕೆಳಗಿನ ತೊರೆ ನೋಡಿದೆವು ದೊಡ್ಡಮ್ಮ ಅಂದೆ. "ಅಷ್ಟೇನಾ? ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?"

ಹೋಗಬೇಕಿತ್ತು. ಯಾಕೆ ಅಂತ ಫೋನಿನಲ್ಲಿ ಹೇಳುವುದಕ್ಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಮಕ್ಕಳಿರುವ ಒಂದೆರಡು ಮನೆಯವರಿಗಾದರೂ ಇದು ಉಪಯೋಗಕ್ಕೆ ಬರಲಿ.

ನನ್ನ ಮಗನಿಗೆ ಎಂಟು ವರ್ಷ, ಆಟಿಸಂ ಇದೆ. ಸದ್ದು ಮತ್ತು ಜನ ಇವೆರಡೂ ಒಟ್ಟಿಗೆ ಸೇರಿದರೆ ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಹೋದ ವರ್ಷ ದಸರಾ ರಜೆಯಲ್ಲಿ ಮೂರು ದಿನಕ್ಕೆ ನಾಲ್ಕು ಊರು ಅಂತ ಪ್ಲ್ಯಾನ್ ಮಾಡಿ ಹೊರಟೆವು. ಮಕ್ಕಳಿಗೆ ತುಂಬಾ ಚೆನ್ನಾಗಿದೆ ಅಂತ ಹೇಳಿದ್ದ ಒಂದು ರೆಸಾರ್ಟಿನಲ್ಲಿ ರೂಮ್ ಹಿಡಿದಿದ್ದೆವು. ಮಕ್ಕಳಿಗೆ ಅಂದರೆ ಅವರ ಲೆಕ್ಕದಲ್ಲಿ ಈಜುಕೊಳದ ಪಕ್ಕ ಡಿಜೆ. ಮಗನಿಗೆ ಕಿವಿ ಮುಚ್ಚುವ ಇಯರ್ ಮಫ್ ಹಾಕಿದೆ, ಅದರ ಮೇಲೆ ನನ್ನ ಕೈ ಒತ್ತಿ ಹಿಡಿದೆ, ಆದರೂ ಅವನು ನಡುಗುತ್ತಿದ್ದ. ಆಮೇಲೆ ನಮ್ಮ ಥೆರಪಿಸ್ಟ್ ಹೇಳಿದರು. ಮಫ್ ಕೀಚಲು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ದಪ್ಪ ಸದ್ದು, ಅಂದರೆ ಡಿಜೆಯ ಧಂ ಧಂ, ಅದನ್ನು ದಾಟಿ ಬರುತ್ತದೆ. ಅದು ಎದೆಗೇ ತಾಗುತ್ತದಂತೆ. ಎರಡನೇ ದಿನ ಬೆಳಿಗ್ಗೆ ವಾಪಸ್ ಬಂದೆವು. ಆಮೇಲೆ ಮೂರು ವಾರ ಅವನು ಕಾರು ಹತ್ತಲಿಲ್ಲ.

ಆವಾಗಿನಿಂದ ನಾನು ಅವನನ್ನು ಬೇರೆ ಥರ ಗಮನಿಸಲು ಶುರು ಮಾಡಿದೆ. ಮಿಕ್ಸಿ ಸದ್ದು ಬಂದರೆ ಓಡಿಹೋಗುವ ಹುಡುಗ, ಅದೇ ಮಿಕ್ಸಿಯ ಸ್ವಿಚ್ ಅವನ ಕೈಗೆ ಕೊಟ್ಟರೆ ತಾನೇ ತಿರುಗಿಸಿ ನಗುತ್ತಾನೆ. ಕುಕ್ಕರ್ ಮುಂದೆ ನಿಂತು ವಿಷಲ್ ಎಣಿಸುತ್ತಾನೆ, ಮೂರಾದ ಮೇಲೆ ನನಗೇ ಹೇಳುತ್ತಾನೆ. ಸದ್ದು ಎಷ್ಟು ಜೋರು ಅನ್ನುವುದಕ್ಕಿಂತ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಗೊತ್ತಿಲ್ಲದಿರುವುದೇ ಅವನಿಗೆ ಜಾಸ್ತಿ ಕಷ್ಟ. ಇದು ತಿಳಿದ ಮೇಲೆ ಪ್ರವಾಸದ ಬಗ್ಗೆ ನನ್ನ ಯೋಚನೆಯೇ ಬದಲಾಯಿತು. ಊರುಗಳ ಪಟ್ಟಿ ಬಿಟ್ಟೆ. ಒಂದೇ ಮನೆ, ನಾಲ್ಕು ರಾತ್ರಿ, ದಿನಕ್ಕೆ ಒಂದೇ ಒಂದು ಹೊಸ ವಿಷಯ, ಉಳಿದದ್ದೆಲ್ಲ ನಮ್ಮ ಮನೆಯ ಗಡಿಯಾರದ ಪ್ರಕಾರ.

ಜನವರಿಯಲ್ಲಿ, ಸಂಕ್ರಾಂತಿ ಗಲಾಟೆ ಮುಗಿದ ಮೇಲೆ, ಮಂಗಳವಾರ ಹೋಗಿ ಶನಿವಾರ ಬರುವುದು ಅಂತ ಇಟ್ಟುಕೊಂಡೆವು. ಶಾಲೆಗೆ ನಾಲ್ಕು ದಿನ ರಜೆ ಹಾಕಿಸಿದೆ, ಅದಕ್ಕೆ ನನಗೇನೂ ಬೇಜಾರಿಲ್ಲ. ಶಾಲೆಗೆ ರಜೆ ಕೊಟ್ಟಾಗಲೇ ಹೊರಟರೆ ಇಡೀ ಬೆಂಗಳೂರು ನಮ್ಮ ಜೊತೆಗೇ ಹೊರಡುತ್ತದೆ, ಅಲ್ವಾ?

ರೂಮ್ ಹುಡುಕುವಾಗ ಆನ್‌ಲೈನ್ ಫೋಟೋ, ಸ್ಟಾರು ಯಾವುದನ್ನೂ ನೋಡಲಿಲ್ಲ. ಏಳೆಂಟು ಹೋಮ್‌ಸ್ಟೇಗಳಿಗೆ ಫೋನ್ ಮಾಡಿ ಮಾತಾಡಿದೆ. ಶಾಂತವಾಗಿದೆಯಾ ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ಅದಕ್ಕೇ ಬಿಡಿಸಿ ಬಿಡಿಸಿ ಕೇಳಿದೆ. ಆ ದಿನಗಳಲ್ಲಿ ಬೇರೆ ಯಾರಾದರೂ ಬರುತ್ತಾರಾ? ಕ್ಯಾಂಪ್‌ಫೈರ್‌ನಲ್ಲಿ ಹಾಡು ಹಾಕುತ್ತೀರಾ? ಕರೆಂಟ್ ಹೋದರೆ ಜನರೇಟರ್ ತಾನೇ ಆನ್ ಆಗುತ್ತದಾ, ರೂಮಿನಿಂದ ಎಷ್ಟು ದೂರ ಇದೆ? ನಾಯಿ ಎಷ್ಟು, ಕಟ್ಟಿರುತ್ತೀರಾ? ಬಾತ್‌ರೂಮಿಗೆ ಫಿನಾಯಿಲ್ ಹಾಕುತ್ತೀರಾ? ಒಬ್ಬರು "ಏನಮ್ಮಾ, ಇಷ್ಟೊಂದು ಪ್ರಶ್ನೆ?" ಅಂತ ಸಿಡುಕಿದರು, ಅವರನ್ನು ಅಲ್ಲಿಗೇ ಬಿಟ್ಟೆ. ಕೊನೆಗೆ ಸಿಕ್ಕ ಮನೆಯ ಆಂಟಿ ಮಾತ್ರ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ನಾನು ಕೇಳದ ಒಂದು ವಿಷಯವನ್ನೂ ಅವರೇ ಹೇಳಿದರು. "ಈಗ ಹಣ್ಣು ಕುಯ್ಯೋ ಟೈಮಮ್ಮಾ. ಸಂಜೆ ಪಲ್ಪರ್ ಓಡುತ್ತೆ, ಒಂದೆರಡು ಗಂಟೆ. ಸದ್ದು ಬರುತ್ತೆ." ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಷೀನು ಅದು. ನೀವು ಶುರು ಮಾಡುವುದಕ್ಕೆ ಹತ್ತು ನಿಮಿಷ ಮೊದಲು ಬಂದು ಹೇಳ್ತೀರಾ ಆಂಟಿ ಅಂತ ಕೇಳಿದೆ. "ಅದಕ್ಕೇನಂತೆ" ಅಂದರು. ನಾಲ್ಕು ದಿನವೂ ತಪ್ಪದೆ ಬಂದು ಹೇಳಿದರು. ಅವರ ಋಣ ನನ್ನ ಮೇಲಿದೆ.

ರೂಮು, ಬಾತ್‌ರೂಮು, ಊಟದ ಮೇಜು, ಗೇಟು ಇವುಗಳ ಫೋಟೋ ಅವರಿಂದಲೇ ತರಿಸಿಕೊಂಡು ಪ್ರಿಂಟ್ ಹಾಕಿಸಿದೆ. ಮನೆಯಲ್ಲಿ ನಮ್ಮದೊಂದು ರಟ್ಟಿನ ಬೋರ್ಡ್ ಇದೆ. ಅದಕ್ಕೆ ವೆಲ್ಕ್ರೋದಿಂದ ಕಾರ್ಡ್ ಅಂಟಿಸುತ್ತೇವೆ, ಒಂದು ಕೆಲಸ ಮುಗಿದರೆ ಅವನೇ ಆ ಕಾರ್ಡ್ ಕಿತ್ತು ಡಬ್ಬಿಗೆ ಹಾಕುತ್ತಾನೆ. ಹಾಲಿನ ಲೋಟ, ಹಲ್ಲುಜ್ಜುವ ಬ್ರಷ್ಷು, ದಿಂಬು ಇಂಥ ಹಳೇ ಕಾರ್ಡುಗಳ ನಡುವೆ ಈ ಹೊಸವು ಸೇರಿದವು. ಹೊರಡುವುದಕ್ಕೆ ಒಂದು ವಾರ ಇರುವಾಗ ತೋರಿಸಿದೆ. ಒಂದು ಸಲ ತಿಂಗಳು ಮೊದಲೇ ಹೇಳಿ, ದಿನಾ ನೂರು ಸಲ "ಯಾವಾಗ?" ಕೇಳಿಸಿಕೊಂಡು, ಅವನಿಗೂ ನಿದ್ದೆ ಕೆಟ್ಟಿತ್ತು. ಇನ್ನೊಂದು ಕಾರ್ಡ್ ಇದೆ, ಬರೀ ಪ್ರಶ್ನೆಚಿಹ್ನೆ ಇರುವುದು. ಏನೋ ಬದಲಾಗಿದೆ ಅಂತ ಅದರ ಅರ್ಥ. ಇದನ್ನು ಮನೆಯಲ್ಲೇ ಸಣ್ಣ ಸಣ್ಣ ಖುಷಿಯ ವಿಷಯಗಳಿಗೆ, ದೋಸೆ ಬದಲು ಪೂರಿ ಇಂಥದ್ದಕ್ಕೆ, ಬಳಸಿ ಅಭ್ಯಾಸ ಮಾಡಿಸಿರಬೇಕು. ಕಷ್ಟ ಬಂದ ದಿನವೇ ಮೊದಲ ಸಲ ತೆಗೆದರೆ ಕೆಲಸ ಮಾಡುವುದಿಲ್ಲ.

ರೈಲು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು, ಕಾರಿನಲ್ಲಿ ಹೋದೆವು. ಇಷ್ಟವಾದಲ್ಲಿ ನಿಲ್ಲಿಸಬಹುದು, ಕಿಟಕಿ ಮುಚ್ಚಬಹುದು. ಬೆಳಿಗ್ಗೆ ಆರಕ್ಕೇ ಹೊರಟೆವು. ಹೆದ್ದಾರಿ ಹೋಟೆಲುಗಳು ಎಂಟೂವರೆ ಒಂಬತ್ತಕ್ಕೆ ತುಂಬುತ್ತವೆ. ಸ್ಟೀಲ್ ತಟ್ಟೆ ಎಸೆಯುವ ಸದ್ದು, ಟೋಕನ್ ನಂಬರ್ ಕೂಗುವುದು, ಟಾಯ್ಲೆಟ್ಟಿನಲ್ಲಿ ಕೈ ಒಣಗಿಸುವ ಮಷೀನು, ಎಲ್ಲ ಒಟ್ಟಿಗೆ. ನಾವು ಅಷ್ಟರೊಳಗೆ ಖಾಲಿ ಹೋಟೆಲಿನಲ್ಲಿ ಟಾಯ್ಲೆಟ್ ಮುಗಿಸಿ, ಮನೆಯಿಂದ ತಂದ ಚಪಾತಿ ಸಕ್ಕರೆಯನ್ನು ಕಾರಿನಲ್ಲೇ ತಿಂದೆವು.

ಅಲ್ಲಿಗೆ ಹೋಗುವಾಗ ನಮ್ಮ ಟೇಬಲ್ ಫ್ಯಾನ್ ತೆಗೆದುಕೊಂಡು ಹೋಗಿದ್ದೆ. ಜನವರಿ ಚಳಿಯಲ್ಲಿ ಮಲೆನಾಡಿಗೆ ಫ್ಯಾನಾ ಅಂತ ಯಜಮಾನರು ಕೇಳಿದರು. ನನಗೆ ಬೇಕಿದ್ದದ್ದು ಗಾಳಿ ಅಲ್ಲ, ಅದರ ಸದ್ದು. ಎಂಟು ವರ್ಷದಿಂದ ಅದೇ ಗುಂಯ್ ಸದ್ದಿನಲ್ಲಿ ಮಲಗಿದ ಮಗು ಅದು. ಗೋಡೆ ಕಡೆ ತಿರುಗಿಸಿ ಇಟ್ಟೆ. ಕರೆಂಟ್ ಹೋದರೆ ಅಂತ ಅದೇ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಕೊಂಡಿದ್ದೆ. ಅವನ ಬೆಡ್‌ಶೀಟು, ದಿಂಬಿನ ಕವರು ಎರಡನ್ನೂ ಒಗೆಯದೆ ತಂದಿದ್ದೆ, ಮನೆಯ ವಾಸನೆ ಇರಲಿ ಅಂತ.

ದಿನ ಹೀಗಿತ್ತು. ಆರೂವರೆಗೆ ಹಾಲು, ಅವನದೇ ಲೋಟದಲ್ಲಿ. ಏಳೂವರೆಗೆ ತಿಂಡಿ. ಎಂಟೂವರೆಯಿಂದ ಹತ್ತು ಗಂಟೆವರೆಗೆ ಕಣ. ಆಮೇಲೆ ರೂಮು, ಅವನ ಬ್ಲಾಕುಗಳು. ಒಂದಕ್ಕೆ ಊಟ, ಎರಡರಿಂದ ಮೂರೂವರೆ ಪರದೆ ಎಳೆದ ಕತ್ತಲೆ ರೂಮು, ನಾಲ್ಕಕ್ಕೆ ತೊರೆಯವರೆಗೆ ನಡಿಗೆ. ಎಂಟೂವರೆಗೆ ನಿದ್ದೆ. ಬೆಳಗ್ಗೆ ಎಷ್ಟೇ ಖುಷಿಯಾಗಿದ್ದರೂ ಮಧ್ಯಾಹ್ನದ ಕತ್ತಲೆ ರೂಮನ್ನು ಬಿಡಿಸಬಾರದು. ಖುಷಿಯೂ ಅವನಿಗೆ ಸುಸ್ತು ಮಾಡುತ್ತದೆ.

ಕಣದ ಬಗ್ಗೆ ಹೇಳಲೇಬೇಕು. ಸಿಪ್ಪೆ ಬಿಡಿಸಿ ತೊಳೆದ ಕಾಫಿಬೀಜವನ್ನು ಬಿಸಿಲಿಗೆ ತೆಳ್ಳಗೆ ಹರವಿರುತ್ತಾರೆ, ಆಗಾಗ ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ತಿರುವುತ್ತಿರಬೇಕು. ಮೊದಲ ದಿನ ಅವನು ಇಪ್ಪತ್ತು ನಿಮಿಷ ದೂರದಲ್ಲಿ ನಿಂತು ನೋಡಿದ. ಎರಡನೇ ದಿನ ಆಂಟಿ ಒಂದು ಹಲಗೆಯನ್ನು ಅವನ ಹತ್ತಿರ ಸುಮ್ನೆ ಮಲಗಿಸಿ ಹೋದರು. ಬಾ, ಹಿಡಿ ಅಂತ ಏನೂ ಹೇಳಲಿಲ್ಲ. ಅವನೇ ಎತ್ತಿಕೊಂಡ. ಬೀಜದ ಮೇಲೆ ಗೆರೆ ಮೂಡುತ್ತದೆ, ನೇರವಾದ ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ, ಹಲಗೆ ಎಳೆದಾಗ ಸರ್ ಅಂತ ಒಂದೇ ಥರ ಸದ್ದು. ಎಳೆಯುವುದಕ್ಕೆ ಭುಜದಲ್ಲಿ ಬಲ ಬೇಕು. ಥೆರಪಿಯಲ್ಲಿ ಇದನ್ನೇ ಭಾರದ ಕೆಲಸ ಅಂತ ಮಾಡಿಸುತ್ತಾರೆ. ತಳ್ಳುವುದು, ಎಳೆಯುವುದು, ಹೊರುವುದು, ಸ್ನಾಯುಗಳಿಗೆ ಒತ್ತಡ ಸಿಕ್ಕಾಗ ಇಂಥ ಮಕ್ಕಳು ತುಂಬಾ ಸಲ ತಣ್ಣಗಾಗುತ್ತಾರೆ. ನಲವತ್ತು ನಿಮಿಷ ಅವನು ಇಯರ್ ಮಫ್ ಇಲ್ಲದೆ, ಕೂಲಿಯವರ ಮಾತು ನಗುವಿನ ನಡುವೆ, ಗೆರೆ ಎಳೆದ. ನಾನು ಕಣದ ಅಂಚಿನಲ್ಲಿ ಕೂತು ಅತ್ತೆ.

ಮಫ್ ವಿಷಯ ಬಂದಿದ್ದಕ್ಕೆ ಒಂದು ಮಾತು. ದಿನವಿಡೀ ಹಾಕಿಸಬೇಡಿ. ಯಾವಾಗಲೂ ಮುಚ್ಚಿಟ್ಟ ಕಿವಿಗೆ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಕುತ್ತಿಗೆಯಲ್ಲಿ ಇರಲಿ, ಬೇಕಾದಾಗ ಅವರೇ ಏರಿಸಿಕೊಳ್ಳಲಿ. ಪಲ್ಪರ್ ಶುರುವಾಗುವ ಹತ್ತು ನಿಮಿಷ ಮೊದಲು ಆಂಟಿ ಬಂದು ಹೇಳಿದಾಗ ಅವನೇ ಏರಿಸಿಕೊಂಡು ನನ್ನ ಕಡೆ ನೋಡುತ್ತಿದ್ದ.

ಎರಡನೇ ರಾತ್ರಿ ಎಲ್ಲ ಕೆಟ್ಟಿತು. ಹನ್ನೊಂದು ಗಂಟೆ ಇರಬಹುದು, ಪಕ್ಕದ ತೋಟಕ್ಕೆ ಆನೆ ಬಂದಿದೆ ಅಂತ ಪಟಾಕಿ ಹೊಡೆದರು. ಆ ಕಡೆ ಆನೆ ಕಾಟ ಹೊಸದಲ್ಲ, ಕೇಳಿದ ಅಷ್ಟು ಪ್ರಶ್ನೆಗಳಲ್ಲಿ ಇದೊಂದನ್ನು ನಾನು ಕೇಳಿರಲಿಲ್ಲ. ಮಗ ಕಿರುಚಿಕೊಂಡು ಎದ್ದ, ಗೋಡೆಗೆ ತಲೆ ಚಚ್ಚಲು ಹೋದ. ಇದನ್ನು ಹಟ ಅಂದುಕೊಳ್ಳುವವರು ಬಹಳ ಜನ. ಹಟ ಮಾಡುವ ಮಗು ನಾವು ನೋಡುತ್ತಿದ್ದೇವಾ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತದೆ. ಇಲ್ಲಿ ಏನು ಕೊಟ್ಟರೂ ನಿಲ್ಲುವುದಿಲ್ಲ, ಅವನ ಕೈಯಲ್ಲಿ ಅದು ಇರುವುದಿಲ್ಲ. ಲೈಟ್ ಹಾಕಲಿಲ್ಲ. ಏನಾಯ್ತು, ಏನಿಲ್ಲ ಪುಟ್ಟ, ಅಂತ ಒಂದು ಮಾತೂ ಆಡಲಿಲ್ಲ, ಆ ಹೊತ್ತಿನಲ್ಲಿ ಮಾತೂ ಒಂದು ಸದ್ದೇ. ತಲೆಗೂ ಗೋಡೆಗೂ ನಡುವೆ ದಿಂಬು ಇಟ್ಟೆವು, ಫ್ಯಾನ್ ಜೋರು ಮಾಡಿದೆವು, ದಪ್ಪ ರಗ್ಗು ಹತ್ತಿರ ಇಟ್ಟೆವು. ಅವನೇ ಅದನ್ನು ಎಳೆದುಕೊಂಡು ಬಿಗಿಯಾಗಿ ಸುತ್ತಿಕೊಳ್ಳುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು.

ಮಾರನೇ ದಿನ ಮಂಜರಾಬಾದ್ ಕೋಟೆಗೆ ಹೋಗುವುದಿತ್ತು. ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಆಕಾರದ ಕೋಟೆ ನನಗೆ ನೋಡಲು ತುಂಬಾ ಆಸೆ. ಬೋರ್ಡಿನಲ್ಲಿ ಅದರ ಜಾಗಕ್ಕೆ ಪ್ರಶ್ನೆಚಿಹ್ನೆ ಅಂಟಿಸಿ, ಪಕ್ಕದಲ್ಲಿ ಕಣದ ಕಾರ್ಡ್ ಇಟ್ಟೆ. ಅಂಥ ರಾತ್ರಿಯ ಮರುದಿನ ಹೊಸ ಜಾಗ ಬೇಡವೇ ಬೇಡ. ಸಂಜೆ ಒಂದು ಆನೆ ಚಿತ್ರ ಬರೆದು, ಪಕ್ಕದಲ್ಲಿ ಢಂ ಅಂತ ಬರೆದು, ರಾತ್ರಿ ಬರಬಹುದು, ಬರದೆಯೂ ಇರಬಹುದು, ಬಂದರೆ ಮಫ್ ಮತ್ತು ರಗ್ಗು ಅಂತ ತೋರಿಸಿದೆ. ಮಫ್ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮಲಗಿದ. ಆ ರಾತ್ರಿ ಪಟಾಕಿ ಸದ್ದು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೋಟೆಗೆ ಹೋದೆವು. ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಕೆಳಗೆ ಶಾಲಾ ಪ್ರವಾಸದ ಎರಡು ಬಸ್ಸು ಬಂದು ನಿಂತವು. ಮಗ ಗುನುಗಲು ಶುರು ಮಾಡಿದ, ತುದಿಗಾಲಲ್ಲಿ ನಡೆದ, "ಕಾರು ಎಲ್ಲಿ" ಅಂತ ಮೂರು ಸಲ ಕೇಳಿದ. ಇವು ಅವನ ಗುರುತುಗಳು, ಪ್ರತಿ ಮಗುವಿಗೂ ಬೇರೆ ಇರುತ್ತವೆ. ನಮಗೆ ಅಲ್ಲಿಂದ ಹತ್ತು ನಿಮಿಷ ಸಮಯ ಇರುತ್ತದೆ, ಅಷ್ಟೇ. ಕೋಟೆ ಬಾಗಿಲ ಕಮಾನಿನೊಳಗೆ ಆ ಮಕ್ಕಳೆಲ್ಲ ಕೂಗಿದರೆ ಹೇಗಿರುತ್ತದೆ ಅಂತ ಯೋಚಿಸಿದೆ, ಇಳಿದು ಕಾರಿಗೆ ಬಂದೆವು. ಹೌದು ದೊಡ್ಡಮ್ಮ, ಕೋಟೆಯ ಬಾಗಿಲವರೆಗೂ ಹೋಗಲಿಲ್ಲ.

ಶನಿವಾರ ಮನೆಗೆ ಬಂದೆವು. ಭಾನುವಾರ ಯಾರನ್ನೂ ಕರೆಯಲಿಲ್ಲ, ಎಲ್ಲಿಗೂ ಹೋಗಲಿಲ್ಲ, ಸೋಮವಾರ ಶಾಲೆ. ಸೋಮವಾರ ಬೆಳಿಗ್ಗೆ ಹಾಲು ಕಾಯಿಸಿ ಬಂದು ನೋಡುತ್ತೇನೆ, ಬೋರ್ಡಿನಲ್ಲಿ ಶಾಲೆಯ ಕಾರ್ಡ್ ಆದಮೇಲೆ ಕಣದ ಕಾರ್ಡ್ ಇದೆ, ಡಬ್ಬಿಯಿಂದ ಅವನೇ ಹುಡುಕಿ ತೆಗೆದು ಅಂಟಿಸಿದ್ದಾನೆ. ಇವತ್ತು ಕಣ ಇಲ್ಲ ಅಂತ ಹೇಳಬೇಕಾಯಿತು. ಕ್ಯಾಲೆಂಡರ್ ತಂದು ನನ್ನ ಮುಂದೆ ಹಿಡಿದ. ಆಂಟಿಗೆ ಫೋನ್ ಮಾಡಿದ್ದೇನೆ, ಫೆಬ್ರವರಿ ಕೊನೆವರೆಗೂ ಕಣದಲ್ಲಿ ಬೀಜ ಇರುತ್ತೆ, ಬನ್ನಿ ಅಂದಿದ್ದಾರೆ.