ಖಾಲಿ ಚೌಕದ ಬೆಲೆ

ಬಸವನಗುಡಿಯ ನಿವೃತ್ತ ಗಣಿತ ಟೀಚರ್ ಒಬ್ಬರು ತಮ್ಮ ಹಳೆಯ ಪಾಸ್‌ಬುಕ್‌ಗಳನ್ನು ಹರಡಿಕೊಂಡು ಕೂತಿದ್ದೇ ಪಿಂಚಣಿ ಕಚೇರಿಗೆ ಮುಳುವಾಯಿತು. ಸರ್ಕಾರ ಯಾರಿಗೆ ಬೇಕಾದರೂ ಬಾಕಿ ಇಟ್ಟುಕೊಳ್ಳಲಿ, ಗಣಿತದವರಿಗೆ ಮಾತ್ರ ಇಟ್ಟುಕೊಳ್ಳಬಾರದು.

ಅವರು ನಿವೃತ್ತರಾದದ್ದು 2007ರ ಮೇ ತಿಂಗಳಲ್ಲಿ. ಮೂಲ ಪಿಂಚಣಿ 6,000 ರೂಪಾಯಿ. ಅದರ ಮೂರನೇ ಒಂದು ಭಾಗವನ್ನು ತಿಂಗಳು ತಿಂಗಳು ಪಡೆಯುವ ಬದಲು ಕಮ್ಯುಟೇಷನ್ ಮಾಡಿಸಿ ಒಂದೇ ಸಲಕ್ಕೆ ಇಡುಗಂಟಾಗಿ ಪಡೆದಿದ್ದರು. ಅಂದರೆ ತಿಂಗಳಿಗೆ 2,000 ರೂಪಾಯಿ ಕಡಿತ. ಆಮೇಲೆ ಪಿಂಚಣಿ ಪರಿಷ್ಕರಣೆಯಾಗಿ ಎಷ್ಟೇ ಏರಿದರೂ ಈ ಕಡಿತ ಏರುವುದಿಲ್ಲ. ತುಟ್ಟಿಭತ್ಯೆಯನ್ನೂ ಕಡಿತಕ್ಕೆ ಮುಂಚಿನ ಪೂರ್ಣ ಪಿಂಚಣಿಯ ಮೇಲೆಯೇ ಲೆಕ್ಕ ಹಾಕುತ್ತಾರೆ. ಹದಿನೈದು ವರ್ಷ ತುಂಬಿದ ಮೇಲೆ ಆ 2,000 ತಾನಾಗಿ ಮರಳಬೇಕು. ಸರ್ಕಾರಿ ಕಚೇರಿಯಲ್ಲಿ ತಾನಾಗಿ ಆಗುವುದು ಕಡಿತವೊಂದೇ ಎಂಬುದು ಬೇರೆ ವಿಷಯ.

ಹದಿನೈದು ವರ್ಷವನ್ನು ಎಲ್ಲಿಂದ ಎಣಿಸಬೇಕು? ಅನೇಕರು ನಿವೃತ್ತಿಯ ದಿನದಿಂದ ಎಣಿಸಿ ಎಡವುತ್ತಾರೆ. ಇವರಿಗೆ ಇಡುಗಂಟು ಬಂದದ್ದು ಸೆಪ್ಟೆಂಬರ್‌ನಲ್ಲಿ. ಪಾಸ್‌ಬುಕ್ಕಿನಲ್ಲಿ ಪಿಂಚಣಿ ಮೊದಲ ಬಾರಿಗೆ 2,000 ಇಳಿದದ್ದು 2007ರ ಅಕ್ಟೋಬರ್‌ನಲ್ಲಿ. ತಮಗೆ ಅನುಕೂಲವಾದ ಆ ನಾಲ್ಕು ತಿಂಗಳನ್ನು ಟೀಚರ್ ತಾವೇ ಬಿಟ್ಟುಕೊಟ್ಟರು. ಕಡಿತ 2022ರ ಸೆಪ್ಟೆಂಬರ್‌ಗೆ ನಿಲ್ಲಬೇಕಿತ್ತು. 2026ರ ಮಾರ್ಚ್ ತನಕ ನಿಂತಿರಲಿಲ್ಲ. ನಲವತ್ತೆರಡು ತಿಂಗಳು, 84,000 ರೂಪಾಯಿ.

ಅರ್ಜಿ ನೋಡಿದ ವಿಷಯ ನಿರ್ವಾಹಕರು ಪರದೆಯತ್ತ ಬೆರಳು ತೋರಿಸಿದರು. "ಮೇಡಂ, ಕಮ್ಯುಟೇಷನ್ ದಿನಾಂಕದ ಚೌಕ ಖಾಲಿ ಇದೆ. ದಿನಾಂಕವಿಲ್ಲದೆ ಹದಿನೈದು ವರ್ಷ ಆಯಿತೆಂದು ನಾವು ಹೇಗೆ ಹೇಳುವುದು?"

"ಪಿಂಚಣಿ ಪಾವತಿ ಆದೇಶದ ನಿಮ್ಮ ಪ್ರತಿಯಲ್ಲಿ ಇರಬೇಕಲ್ಲಪ್ಪಾ."

"ಅದು ಹಳೆಯ ಕಟ್ಟಿನಲ್ಲಿದೆ. ಕಟ್ಟು ಎಲ್ಲಿದೆಯೋ ಗೊತ್ತಿಲ್ಲ. ನಮ್ಮ ದಾಖಲೆ ಪ್ರಕಾರ ನೀವು ಕಮ್ಯುಟೇಷನ್ ಮಾಡಿಸಿಯೇ ಇಲ್ಲ."

ಇಲ್ಲಿ ಅವರು ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದರು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಅರ್ಜಿಯ ಹಿಂಬದಿಯಲ್ಲಿ ಬರೆಯತೊಡಗಿದರು. "ಮಾಡಿಸಿಯೇ ಇಲ್ಲವೆಂದರೆ ಮೊದಲ ತಿಂಗಳಿಂದಲೂ ಕಡಿತ ತಪ್ಪು. 2007ರ ಅಕ್ಟೋಬರ್‌ನಿಂದ ಇಲ್ಲಿಯ ತನಕ 222 ತಿಂಗಳು. ನಾಲ್ಕು ಲಕ್ಷದ ನಲವತ್ತನಾಲ್ಕು ಸಾವಿರ. ಈಗ ಹೇಳಿದ ಮಾತನ್ನೇ ಬರೆದು, ಮೊಹರು ಹಾಕಿ ಕೊಡಿ. ನಾನು 84,000ದ ಅರ್ಜಿ ವಾಪಸ್ ಪಡೆಯುತ್ತೇನೆ."

ಹತ್ತೊಂಬತ್ತು ವರ್ಷ ಕಾಣದಿದ್ದ ಕಟ್ಟು ಚಹಾ ಆರುವುದರೊಳಗೆ ಮೇಜಿನ ಮೇಲಿತ್ತು. ಅದರೊಳಗೆ ದಿನಾಂಕವೂ ಇತ್ತು, ಇಡುಗಂಟಿಗೆ ಟೀಚರ್ ಹಾಕಿದ ಸಹಿಯೂ ಇತ್ತು.

"ನಿಮಗೆ ಬರಬೇಕಾದದ್ದು 84,000 ಮಾತ್ರ ಮೇಡಂ," ಎಂದರು ನಿರ್ವಾಹಕರು, ಸರ್ಕಾರಕ್ಕೆ 3,60,000 ಉಳಿಸಿಕೊಟ್ಟ ಹೆಮ್ಮೆಯಿಂದ.