‘ಪ್ಲೇಯರ್ ವರ್ಷನ್’ ಅಂತ ಬರೆದರೆ ಸಾಲದು, ಲೇಬಲ್ ತೋರಿಸಲಿ

ಅರ್ಜೆಂಟೀನಾ ಫುಟ್‌ಬಾಲ್ ತಂಡದ 2022ರ ವಿಶ್ವಕಪ್ ಜೆರ್ಸಿ ಇವತ್ತಿಗೂ ಎಲ್ಲೆಡೆ ‘ಒರಿಜಿನಲ್ ಪ್ಲೇಯರ್ ವರ್ಷನ್’ ಅಂತ ಮಾರಾಟಕ್ಕಿದೆ. ಲಾಂಛನ ಹೊಲಿದಿಲ್ಲ, ಅಂಟಿಸಿದೆ, ಹಾಗಾಗಿ ಅಸಲಿ ಅನ್ನುವುದು ಮಾರುವವರ ವಾದ. ಇದನ್ನು ನಂಬಬೇಡಿ. ಬಿಸಿ ಒತ್ತಿ ಅಂಟಿಸುವುದು ನಕಲಿ ಮಾಡುವವರಿಗೂ ಸುಲಭ.

ಅಡಿಡಾಸ್ ಆ ಜೆರ್ಸಿಯನ್ನು ಎರಡು ಬಗೆಯಲ್ಲಿ ತಂದಿತ್ತು. ಆಟಗಾರರು ತೊಡುವ ಬಗೆಯದು ‘ಹೀಟ್‌ರೆಡಿ’: ತೆಳು ಬಟ್ಟೆ, ಮೈಗೆ ಅಂಟುವ ಅಳತೆ, ಲಾಂಛನವೂ ಕಂಪನಿ ಗುರುತೂ ಬಿಸಿ ಒತ್ತಿ ಅಂಟಿಸಿದವು. ಅಭಿಮಾನಿಗಳದು ‘ಏರೋರೆಡಿ’: ಸಡಿಲ ಅಳತೆ, ದಾರದಲ್ಲಿ ಮಾಡಿದ ಲಾಂಛನ. ಇದು ಕಡಿಮೆ ಬೆಲೆಯದು, ಆದರೆ ನಕಲಿಯಲ್ಲ. ನಕಲಿ ಸಿಕ್ಕಿಬೀಳುವುದು ಇವೆರಡರ ಲಕ್ಷಣಗಳನ್ನು ಒಂದರಲ್ಲೇ ಬೆರೆಸಿದಾಗ.

ಹಾಗಾಗಿ ಮೊದಲು ಕೇಳಬೇಕಾದ್ದು ಒಳಗಿನ ಬಿಳಿ ವಾಷ್ ಲೇಬಲ್‌ನ ಫೋಟೋ. ಅದರಲ್ಲಿ ಎರಡು ಅಕ್ಷರ, ನಾಲ್ಕು ಅಂಕಿಗಳ ಆರ್ಟಿಕಲ್ ನಂಬರ್ ಇರುತ್ತದೆ. ಅದನ್ನು ಗೂಗಲ್‌ನಲ್ಲಿ ಹಾಕಿ, ಚಿತ್ರಗಳನ್ನು ನೋಡಿ. ಎರಡು ಬಗೆಗೂ ನಂಬರ್ ಬೇರೆ ಬೇರೆ. ಮಾರುವವರು ಪ್ಲೇಯರ್ ವರ್ಷನ್ ಅನ್ನುತ್ತಾರೆ, ಲಾಂಛನವೂ ಅಂಟಿಸಿದ್ದೇ, ಆದರೆ ನಂಬರ್ ಹುಡುಕಿದರೆ ಅಭಿಮಾನಿಗಳ ಬಗೆ ಬರುತ್ತದೆ ಅಂದುಕೊಳ್ಳಿ. ಮಾತು ಅಲ್ಲಿಗೆ ಮುಗಿಯಿತು. ಬೇರೆ ತಂಡದ ಜೆರ್ಸಿಯೋ ಶೂನೋ ಬಂದರಂತೂ ಕೇಳುವುದೇ ಬೇಡ. ನಂಬರ್ ಸರಿಯಾಗಿ ಹೊಂದಿದರೂ ಅದೊಂದೇ ಸಾಕ್ಷಿಯಲ್ಲ, ಲೇಬಲನ್ನೂ ಹಾಗೇ ಅಚ್ಚು ಹಾಕುತ್ತಾರೆ. ಆಗ ಲಾಂಛನಕ್ಕೆ ಬನ್ನಿ.

ಜೆರ್ಸಿಯನ್ನು ಒಳಮಗ್ಗುಲಾಗಿ ತಿರುಗಿಸಿ, ಲಾಂಛನದ ಹಿಂಭಾಗದ ಫೋಟೋ ಕಳಿಸಲು ಹೇಳಿ. ಅಂಟಿಸಿದ ಲಾಂಛನವಾದರೆ ಅಲ್ಲಿ ಹೊಲಿಗೆಯೇ ಕಾಣಬಾರದು. ದಾರದ್ದಾದರೆ ಮುಂಭಾಗವನ್ನು ಹತ್ತಿರದಿಂದ ನೋಡಿ. ‘ಎಎಫ್‌ಎ’ ಅಕ್ಷರಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಹಾರಿದ ದಾರ ಕಂಡರೆ, ಸುತ್ತಲಿನ ಲಾರೆಲ್ ಎಲೆಗಳು ಬಿಡಿಬಿಡಿಯಾಗದೆ ಮುದ್ದೆಯಾಗಿದ್ದರೆ ಕೈಬಿಡಿ.

ನೇಯ್ಗೆ ನೋಡುವುದು ಫೋಟೋದಲ್ಲಿ ಕಷ್ಟ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಯಾವ ಬಟ್ಟೆಯೂ ನುಣ್ಣಗೇ ಕಾಣುತ್ತದೆ. ಕಿಟಕಿಯ ಪಕ್ಕ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಒಂದು ಗೇಣಿನಷ್ಟು ದೂರದಿಂದ ತೆಗೆಸಿ. ಪ್ಲೇಯರ್ ವರ್ಷನ್‌ನ ಬಟ್ಟೆಯಲ್ಲಿ ಉಬ್ಬುತಗ್ಗು, ಗಾಳಿಯಾಡುವ ಸಣ್ಣ ರಂಧ್ರಗಳು ನೇಯ್ಗೆಯಲ್ಲೇ ಬಂದಿರುತ್ತವೆ. ನಕಲಿಯಲ್ಲಿ ಎಷ್ಟೋ ಸಲ ಅದೇ ವಿನ್ಯಾಸವನ್ನು ಸಪಾಟು ಬಟ್ಟೆಯ ಮೇಲೆ ಒತ್ತಿರುತ್ತಾರೆ. ಓರೆ ಬೆಳಕಿನಲ್ಲಿ ನೆರಳೇ ಬೀಳುವುದಿಲ್ಲ. ಫೋಟೋವನ್ನು ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ, ಇಲ್ಲದಿದ್ದರೆ ಈ ವಿವರವೆಲ್ಲ ಕುಗ್ಗಿ ಅಳಿಸಿಹೋಗುತ್ತದೆ.

ಇನ್ನೊಂದು, ‘ಫೈನಲ್‌ನಲ್ಲಿ ಮೆಸ್ಸಿ ತೊಟ್ಟ ಜೆರ್ಸಿಯೇ ಇದು’ ಅಂತ ಮೂರು ನಕ್ಷತ್ರದ್ದನ್ನು ತೋರಿಸುತ್ತಾರೆ. 2022ರ ಡಿಸೆಂಬರ್ 18ರ ಫೈನಲ್ ಆಡುವಾಗ ಲಾಂಛನದ ಮೇಲಿದ್ದದ್ದು ಎರಡೇ ನಕ್ಷತ್ರ, 1978 ಮತ್ತು 1986ರ ವಿಶ್ವಕಪ್ ಗೆಲುವಿನವು. ಮೂರನೆಯದು ಗೆದ್ದ ಮೇಲೆ ಬಂದದ್ದು. ಮೂರು ನಕ್ಷತ್ರದ ಅಸಲಿ ಜೆರ್ಸಿಯೂ ಇದೆ, ಆದರೆ ಅದರ ಆರ್ಟಿಕಲ್ ನಂಬರ್ ಬೇರೆ. ಲೇಬಲ್‌ನಲ್ಲಿ ಎರಡು ನಕ್ಷತ್ರದ್ದರ ನಂಬರ್ ಇದ್ದರೆ ದುಡ್ಡು ಕಳಿಸಬೇಡಿ.