ಒಂಬತ್ತು ವರ್ಷ ಏಳು ತಿಂಗಳು ದುಡಿದವನಿಗೆ ಹಣವೂ ಇಲ್ಲ, ಸದ್ಯಕ್ಕೆ ಪಿಂಚಣಿಯೂ ಇಲ್ಲ

ಖಾಸಗಿ ಕಂಪನಿಯೊಂದರಲ್ಲಿ 2015ರ ಜನವರಿ 1ರಂದು ಕೆಲಸಕ್ಕೆ ಸೇರಿದ ನನ್ನನ್ನು 2024ರ ಜುಲೈ ಕೊನೆಗೆ, ನಮ್ಮ ವಿಭಾಗವನ್ನೇ ಮುಚ್ಚಿ, ಮನೆಗೆ ಕಳುಹಿಸಿದರು. ಆಗ ನನಗೆ 47 ವರ್ಷ. ಲೆಕ್ಕ ಚುಕ್ತಾ ಮಾಡುವ ದಿನ ಎಚ್‌.ಆರ್‌.ನವರು, "ಫಾರ್ಮ್ 19, ಫಾರ್ಮ್ 10ಸಿ ಎರಡನ್ನೂ ಹಾಕಿಬಿಡಿ ಸಾರ್, ಪಿ.ಎಫ್. ಹಣ, ಪಿಂಚಣಿ ಹಣ ಎರಡೂ ಬಂದುಬಿಡುತ್ತದೆ" ಎಂದು ಸಲೀಸಾಗಿ ಹೇಳಿದರು. ಪಿ.ಎಫ್. ಹಣ ಬಂತು. ಪಿಂಚಣಿ ಹಣದ ಅರ್ಜಿ ಮಾತ್ರ ತಿರಸ್ಕೃತವಾಯಿತು. ಸೇವೆ ಹತ್ತು ವರ್ಷವಾಗಿರುವುದರಿಂದ ಹಣ ಹಿಂಪಡೆಯಲು ಬರುವುದಿಲ್ಲ, ದುಡಿದ ಸೇವೆಯನ್ನು ಮುಂದಿನ ಪಿಂಚಣಿಗಾಗಿ ದಾಖಲಿಸಿಡುವ ಸ್ಕೀಮ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ನಾನು ದುಡಿದದ್ದು ಒಂಬತ್ತು ವರ್ಷ ಏಳು ತಿಂಗಳು. ಅದು ಹತ್ತು ವರ್ಷ ಆದದ್ದು ಹೇಗೆಂದರೆ, 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತುಂಡು ಅವಧಿಯನ್ನು ಒಂದು ಪೂರ್ತಿ ವರ್ಷವೆಂದೇ ಎಣಿಸುತ್ತಾರೆ. ನನಗಿಂತ ಎರಡು ತಿಂಗಳು ಮೊದಲೇ ಕೆಲಸ ಬಿಟ್ಟಿದ್ದವನ ಸೇವೆ ಒಂಬತ್ತೇ ವರ್ಷಕ್ಕೆ ನಿಲ್ಲುತ್ತಿತ್ತು, ಅವನಿಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಕೈಗೆ ಸಿಗುತ್ತಿತ್ತು. 58 ತುಂಬಿದವನಿಗೆ ಈ ಮೇಲೇರಿಸುವಿಕೆ ವರವೇ ಸರಿ, ಏಕೆಂದರೆ ಅವನಿಗೆ ಮರುತಿಂಗಳಿನಿಂದಲೇ ಪಿಂಚಣಿ ಶುರುವಾಗುತ್ತದೆ. ಕೆಲಸ ಕಳೆದುಕೊಂಡ 47ರ ಮನುಷ್ಯನಿಗೆ ಅದೇ ನಿಯಮ ಬಾಗಿಲಿಗೆ ಬೀಗ ಜಡಿಯುತ್ತದೆ.

ಹಾಗಾದರೆ ಪಿಂಚಣಿ ಯಾವಾಗ ಎಂದು ಕೇಳಿದರೆ, 58ಕ್ಕೆ. ಅದಕ್ಕೂ ಮೊದಲು ಬೇಕೆಂದರೆ 50 ತುಂಬಬೇಕು ಮತ್ತು ಆ ಹೊತ್ತಿಗೆ ಪಿ.ಎಫ್. ಇರುವ ಕೆಲಸದಲ್ಲಿ ಇರಬಾರದು. ಜೊತೆಗೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೂ ಶೇಕಡಾ 4ರಂತೆ ಪಿಂಚಣಿಯನ್ನು ಕತ್ತರಿಸುತ್ತಾರೆ. ಈ ಕಡಿತ 58 ಆದ ಮೇಲೆ ತಾನಾಗಿ ಹೋಗುವಂಥದ್ದಲ್ಲ, ಜೀವನಪರ್ಯಂತ ಹಾಗೆಯೇ ಉಳಿಯುತ್ತದೆ. ನನ್ನ ಲೆಕ್ಕವನ್ನೇ ನೋಡಿ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನನ್ನ ಮೂಲ ವೇತನ ಎಷ್ಟೇ ಏರಿದ್ದರೂ ಪಿಂಚಣಿಯ ಮಟ್ಟಿಗೆ ಅದನ್ನು 15,000 ರೂಪಾಯಿಗೇ ನಿಲ್ಲಿಸಿದ್ದಾರೆ. ಅದನ್ನು ಹತ್ತರಿಂದ ಗುಣಿಸಿ 70ರಿಂದ ಭಾಗಿಸಿದರೆ 58ಕ್ಕೆ ತಿಂಗಳಿಗೆ 2,143 ರೂಪಾಯಿ. 50ಕ್ಕೇ ತೆಗೆದುಕೊಂಡರೆ ಶೇಕಡಾ 32 ಹೋಗಿ ಸುಮಾರು 1,457 ರೂಪಾಯಿ. ತುಟ್ಟಿಭತ್ಯೆಯ ಮಾತೇ ಇಲ್ಲ, ಇಪ್ಪತ್ತು ವರ್ಷ ಕಳೆದರೂ ಬೆಲೆಯೇರಿಕೆಗೆ ತಕ್ಕಂತೆ ಅದು ಏರುವುದಿಲ್ಲ.

ಬೇಗ ತೆಗೆದುಕೊಂಡರೆ ನಷ್ಟವೇ ಎಂದು ಕೂತು ಲೆಕ್ಕ ಹಾಕಿದೆ. 50ರಿಂದ 58ರವರೆಗಿನ 96 ತಿಂಗಳಲ್ಲಿ ಹೆಚ್ಚುಕಡಿಮೆ 1,40,000 ರೂಪಾಯಿ ಮೊದಲೇ ಕೈ ಸೇರುತ್ತದೆ; ಆಮೇಲೆ ತಿಂಗಳಿಗೆ 686 ರೂಪಾಯಿ ಖೋತಾ. ಬಡ್ಡಿಯನ್ನು ಬಿಟ್ಟರೂ ಆ ಖೋತಾ ಸರಿದೂಗಲು 75ರ ವಯಸ್ಸು ದಾಟಬೇಕು. ಅಂದರೆ 50ಕ್ಕೇ ಪಡೆಯುವುದು ಅಷ್ಟೇನೂ ದಡ್ಡತನವಲ್ಲ, ಆದರೆ ಮತ್ತೆ ಪಿ.ಎಫ್. ಇರುವ ಕೆಲಸ ಸಿಗುವ ನಂಬಿಕೆ ಇರುವವರು ಅವಸರಪಡಬಾರದು, ಏಕೆಂದರೆ ಸ್ಕೀಮ್ ಸರ್ಟಿಫಿಕೇಟ್ ಇದ್ದರೆ ಹಳೆಯ ಸೇವೆ ಹೊಸ ಸೇವೆಯ ಜೊತೆ ಕೂಡುತ್ತದೆ. ನಡುವೆ ನನಗೇನಾದರೂ ಆದರೆ ಹೆಂಡತಿಗೆ ಪಿಂಚಣಿ ಬರುತ್ತದೆ ಎಂಬುದೂ ನಿಜ. ಅಷ್ಟರ ಮಟ್ಟಿಗೆ ಆ ಕಾಗದಕ್ಕೆ ಬೆಲೆಯಿದೆ.

ಸಿಟ್ಟು ಬರುವುದು ನಿಯಮದ ಮೇಲಷ್ಟೇ ಅಲ್ಲ. ನನ್ನ ಸೇರಿದ ದಿನ, ಬಿಟ್ಟ ದಿನ, ಹುಟ್ಟಿದ ದಿನ ಮೂರೂ ಕಂಪನಿಯ ದಾಖಲೆಯಲ್ಲಿದ್ದವು. ತಿಂಗಳು ತಿಂಗಳು ತಮ್ಮ ಪಾಲಿನಲ್ಲಿ 1,250 ರೂಪಾಯಿಯನ್ನು ಪಿಂಚಣಿಗೆ ಕಟ್ಟಿದವರಿಗೆ, ಈ ಮನುಷ್ಯ ಒಂಬತ್ತೂವರೆ ವರ್ಷದ ಗೆರೆ ದಾಟಿದ್ದಾನೆ, ವಯಸ್ಸು ಐವತ್ತಾಗಿಲ್ಲ, ಇವನಿಗೆ ಹಣ ಬರುವುದಿಲ್ಲ ಎಂದು ಒಂದು ಸಾಲು ಬರೆದುಕೊಡಲು ಆಗಲಿಲ್ಲವೇ? ಆ ಒಂದೂವರೆ ಲಕ್ಷವನ್ನು ನಂಬಿ ನಾನು ಮಗಳ ಕಾಲೇಜು ಶುಲ್ಕಕ್ಕೆ ಒಪ್ಪಿಕೊಂಡಿದ್ದೆ. ಈ ಗೆರೆಯ ಆಸುಪಾಸಿನಲ್ಲಿರುವವರು ಇನ್ನೂ ಒಂದನ್ನು ನೋಡಿಕೊಳ್ಳಬೇಕು: ಸಂಬಳವಿಲ್ಲದ ರಜೆಯ ದಿನಗಳನ್ನು ಸೇವೆಯಿಂದ ಕಳೆಯುತ್ತಾರೆ, ಕಂಪನಿ ತುಂಬಿದ ಆ ಲೆಕ್ಕ ತಪ್ಪಿದ್ದರೆ ನೀವು ಗೆರೆಯ ಯಾವ ಕಡೆ ಬೀಳುತ್ತೀರಿ ಎಂಬುದೇ ಬದಲಾಗುತ್ತದೆ. ರಾಜೀನಾಮೆಯ ದಿನಾಂಕ ಬರೆಯುವ ಮೊದಲೇ ಪಾಸ್‌ಬುಕ್ಕನ್ನೂ ಸೇವಾ ವಿವರವನ್ನೂ ತೆಗೆದು ನೋಡಿ. ನನಗಂತೂ ದಿನಾಂಕ ಆರಿಸಿಕೊಳ್ಳುವ ಅವಕಾಶವನ್ನೇ ಕೊಡಲಿಲ್ಲ, ಅದನ್ನು ಅವರೇ ಬರೆದರು.